ಬಿಲ್ ಪಾಸ್ ಆಗಿತ್ತು, ಸಂಬಳ ತಲುಪಿರಲಿಲ್ಲ

2022ರ ಸೆಪ್ಟೆಂಬರ್ 10ರಂದು ಬೆಳಿಗ್ಗೆ ನಮ್ಮ ಕಾರ್ಖಾನೆಯ ಗೇಟಿನ ಹತ್ತಿರ 24 ಜನ ಕೂತಿದ್ದರು. ಹೌಸ್‌ಕೀಪಿಂಗ್ ಮತ್ತು ಲೋಡಿಂಗ್ ಕೆಲಸದವರು, ಎಲ್ಲರೂ ಒಬ್ಬನೇ ಕಂಟ್ರಾಕ್ಟರ್ ಕಡೆಯವರು. ಜುಲೈ ಸಂಬಳ ಬಂದಿಲ್ಲ, ಆಗಸ್ಟ್‌ದೂ ಬಂದಿಲ್ಲ ಅಂದರು. ಅಕೌಂಟ್ಸ್ ಮತ್ತು ಎಚ್‌ಆರ್ ಎರಡೂ ನನ್ನ ತಲೆಯ ಮೇಲೇ ಇತ್ತು, ಹಾಗಾಗಿ ಮಾತಾಡಲು ನನ್ನನ್ನೇ ಕಳಿಸಿದರು. ಜುಲೈ ಬಿಲ್ ನಾವು ಆಗಸ್ಟ್ 14ಕ್ಕೇ ಕಟ್ಟಿದ್ದೆವು. ಬ್ಯಾಂಕಿನ ದಾಖಲೆ ನನ್ನ ಕೈಯಲ್ಲೇ ಇತ್ತು. ಅದನ್ನು ತೋರಿಸಿ, "ನಮ್ಮ ಕಡೆಯಿಂದ ಏನೂ ಬಾಕಿ ಇಲ್ಲಮ್ಮ, ನಿಮ್ಮ ಕಂಟ್ರಾಕ್ಟರ್ ಹತ್ರ ಕೇಳಿ" ಅಂದೆ.

ಅವರಲ್ಲಿ ಹಿರಿಯರಾದ ಒಬ್ಬ ಅಕ್ಕ ಎದ್ದು ನಿಂತು, "ನಾವು ಗುಡಿಸೋದು ಅವನ ಮನೆ ಅಂಗಳಾನಾ ಸಾರ್?" ಅಂದರು.

ಅವತ್ತು ನನಗೆ ಸಿಟ್ಟು ಬಂತು. ಆ ಒಂದು ಸಾಲಿನ ಪ್ರಶ್ನೆಯನ್ನೇ ಕಾಯ್ದೆಯೂ ಕೇಳುತ್ತದೆ ಅಂತ ತಿಳಿಯಲು ಎರಡು ಕಚೇರಿ, ಹತ್ತಾರು ವಿಚಾರಣೆ ಮತ್ತು ಕಂಪನಿಯ ಒಂದಷ್ಟು ಲಕ್ಷ ರೂಪಾಯಿ ಬೇಕಾಯಿತು.

ಆ ಕಾರ್ಮಿಕರಿಗೆ ಕಂಟ್ರಾಕ್ಟರ್ ಒಂದು ತಿಂಗಳಿಂದ ಹೇಳುತ್ತಿದ್ದದ್ದು ಒಂದೇ ಮಾತು: "ಕಂಪನಿಯವರು ಬಿಲ್ ಪಾಸ್ ಮಾಡಿಲ್ಲ." ಈ ಮಾತನ್ನು ಕೇಳದ ಗುತ್ತಿಗೆ ಕಾರ್ಮಿಕರು ಇರಲಾರರು. ಮಾತು ನಿಜವೇ ಆಗಿದ್ದರೂ ಅದು ನೆಪವಾಗುವುದಿಲ್ಲ. ಸಂಬಳದ ಅವಧಿ ಮುಗಿದ ಮೇಲೆ, ಆಗಿನ ಕಾಯ್ದೆಯಂತೆ ಸಾವಿರಕ್ಕಿಂತ ಕಡಿಮೆ ಜನ ಇರುವ ಕಡೆ, ಏಳನೇ ತಾರೀಕಿನೊಳಗೆ ಕೂಲಿ ಕೊಡಬೇಕಿತ್ತು. ಕಂಟ್ರಾಕ್ಟರ್‌ಗೆ ಬಿಲ್ ಬಂತೋ ಇಲ್ಲವೋ ಎಂಬುದಕ್ಕೂ ಆ ತಾರೀಕಿಗೂ ಸಂಬಂಧವಿಲ್ಲ. ಅಷ್ಟು ದಿನ ಕೈಯಿಂದ ಹಾಕುವ ಶಕ್ತಿ ಇರುವವನೇ ಗುತ್ತಿಗೆ ಹಿಡಿಯಬೇಕು. ನಾವು ಟೆಂಡರ್‌ನಲ್ಲಿ ಕಡಿಮೆ ದರ ನೋಡಿದ್ದೆವೇ ಹೊರತು ಆ ಶಕ್ತಿಯನ್ನು ನೋಡಿರಲಿಲ್ಲ.

ಆ 24 ಜನ ಕಾರ್ಮಿಕ ಇಲಾಖೆಗೆ ದೂರು ಕೊಟ್ಟರು. ಹತ್ತು ದಿನದಲ್ಲಿ ನೋಟಿಸ್ ಬಂತು, ಕಂಟ್ರಾಕ್ಟರ್‌ಗೊಂದು, ನಮಗೊಂದು. ನಮ್ಮ ನೋಟಿಸಿನಲ್ಲಿ ನಮ್ಮನ್ನು 'ಪ್ರಿನ್ಸಿಪಲ್ ಎಂಪ್ಲಾಯರ್' ಅಂತ ಕರೆದಿದ್ದರು. ಕಾರ್ಖಾನೆಯ ಮಟ್ಟಿಗೆ ಅದರ ಅರ್ಥ ಕಾರ್ಖಾನೆಯ ಮಾಲೀಕ ಅಥವಾ ಅದನ್ನು ನಡೆಸುವವರು. ಕೆಲಸ ಯಾರ ಜಾಗದಲ್ಲಿ, ಯಾರಿಗಾಗಿ ನಡೆಯುತ್ತದೋ ಆ ಮೂಲ ಮಾಲೀಕರು. ಮೊದಲ ವಿಚಾರಣೆಯ ದಿನ ಕಂಟ್ರಾಕ್ಟರ್ ಬರಲಿಲ್ಲ, ಫೋನೂ ಸ್ವಿಚ್ ಆಫ್. ನಾನು ಫೈಲ್ ಹಿಡಿದು ಧೈರ್ಯವಾಗಿ ಹೋಗಿದ್ದೆ. ನಮ್ಮ ಒಪ್ಪಂದದಲ್ಲಿ, ಕಾರ್ಮಿಕರ ಸಂಬಳ ಮತ್ತು ಎಲ್ಲ ಕಾನೂನುಬದ್ಧ ಬಾಕಿಗಳಿಗೆ ಕಂಟ್ರಾಕ್ಟರ್ ಒಬ್ಬನೇ ಹೊಣೆ ಎಂಬ ಷರತ್ತು ದಪ್ಪ ಅಕ್ಷರದಲ್ಲಿತ್ತು. ಅದನ್ನು ತೆಗೆದು ಮೇಜಿನ ಮೇಲಿಟ್ಟೆ.

ಅಧಿಕಾರಿ ಅದನ್ನು ಪೂರ್ತಿ ಓದಿದರು. "ಇದರಲ್ಲಿ ನಿಮ್ಮ ಸಹಿ ಇದೆ, ಅವನ ಸಹಿ ಇದೆ. ಹೊರಗೆ ಕೂತಿದಾರಲ್ಲ, ಅವರ ಸಹಿ ಎಲ್ಲಿದೆ?" ಅಂತ ಕೇಳಿದರು. ಆಮೇಲೆ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೇ ಕಲಮನ್ನು ನನ್ನ ಕಡೆಗೆ ತಿರುಗಿಸಿದರು.

ಆ ಕಲಮಿನ ಹೆಣಿಗೆ ಹೀಗಿತ್ತು. ಮೊದಲ ಉಪಕಲಮು ಸಂಬಳ ಕೊಡುವ ಹೊಣೆಯನ್ನು ಕಂಟ್ರಾಕ್ಟರ್ ಮೇಲೆ ಹಾಕುತ್ತಿತ್ತು. ನಾನು ಅಲ್ಲಿಗೇ ಓದು ನಿಲ್ಲಿಸಿದ್ದವನು. ಎರಡನೆಯದು, ಸಂಬಳ ಹಂಚುವಾಗ ಮೂಲ ಮಾಲೀಕರ ಕಡೆಯ ಒಬ್ಬ ಪ್ರತಿನಿಧಿ ಎದುರಿಗಿರಬೇಕು, ಕೊಟ್ಟಿದ್ದಕ್ಕೆ ದೃಢೀಕರಣ ಬರೆಯಬೇಕು ಅನ್ನುತ್ತಿತ್ತು. ನಾಲ್ಕನೆಯದೇ ಗಂಟು: ಕಂಟ್ರಾಕ್ಟರ್ ಸಮಯಕ್ಕೆ ಕೊಡದಿದ್ದರೆ, ಅಥವಾ ಕಡಿಮೆ ಕೊಟ್ಟರೆ, ಪೂರ್ತಿ ಸಂಬಳವನ್ನೋ ಉಳಿದ ಬಾಕಿಯನ್ನೋ ಮೂಲ ಮಾಲೀಕರು ಕೊಡಬೇಕಿತ್ತು. ಕೊಟ್ಟದ್ದನ್ನು ಆಮೇಲೆ ಕಂಟ್ರಾಕ್ಟರ್‌ನ ಬಿಲ್ಲಿನಲ್ಲಿ ಹಿಡಿದುಕೊಳ್ಳಬಹುದಿತ್ತು, ಇಲ್ಲವೇ ಸಾಲ ಅಂತ ವಸೂಲಿ ಮಾಡಬಹುದಿತ್ತು. ಒಮ್ಮೆ ಕಂಟ್ರಾಕ್ಟರ್‌ಗೆ ದುಡ್ಡು ಕೊಟ್ಟಾಗಿದ್ದರೆ ಈ ಹೊಣೆ ಇಲ್ಲ ಎಂಬ ವಿನಾಯಿತಿಯನ್ನು ನಾನು ಆ ಪುಟದಲ್ಲಿ ಹುಡುಕಿದೆ. ಇರಲಿಲ್ಲ.

ಇನ್ನೊಂದು ಏಟು ನಾನೇ ತಂದಿದ್ದ ಫೈಲಿನಲ್ಲಿತ್ತು. ಜುಲೈ ಬಿಲ್ಲಿಗೆ ಲಗತ್ತಿಸಿದ್ದ ವೇತನ ಪುಸ್ತಕದ ಕೊನೆಯ ಪುಟವನ್ನು ತೆಗೆದು ಅಧಿಕಾರಿ, "ಈ ಸಹಿ ಯಾರದು?" ಅಂದರು. ನನ್ನದು. ಮೇಲಿನ ಮೊತ್ತವನ್ನು ನನ್ನ ಸಮ್ಮುಖದಲ್ಲಿ ಕಾರ್ಮಿಕರಿಗೆ ಪಾವತಿ ಮಾಡಲಾಗಿದೆ ಎಂಬ ಒಕ್ಕಣೆಯ ಕೆಳಗೆ, ದಿನಾಂಕ ಸಮೇತ. ಆಗಸ್ಟ್ ಎಂಟಕ್ಕೆ ಕಂಟ್ರಾಕ್ಟರ್‌ನ ಹುಡುಗ ಬಿಲ್ ಜೊತೆ ಪುಸ್ತಕ ತಂದಿದ್ದ. ಪ್ರತಿ ತಿಂಗಳಿನಂತೆ ನಾನು ಸಹಿ ಒತ್ತಿ, ಸೀಲ್ ಹೊಡೆದು ಕಳಿಸಿದ್ದೆ. ಸಂಬಳ ಬ್ಯಾಂಕ್ ಮೂಲಕ ಹೋಗುತ್ತಿದ್ದುದರಿಂದ 'ಸಮ್ಮುಖ' ಎಂಬ ಮಾತಿಗೆ ನನ್ನ ಮಟ್ಟಿಗೆ ಅರ್ಥವೇ ಉಳಿದಿರಲಿಲ್ಲ. ಬ್ಯಾಂಕ್ ಮೂಲಕ ಕೊಟ್ಟರೆ, ಯಾವ ಖಾತೆಗೆ ಎಷ್ಟು ಹೋಯಿತು ಎಂಬ ಬ್ಯಾಂಕಿನದೇ ಪಟ್ಟಿ ಕೇಳಿ ನೋಡುವುದು ಆ ಸಮ್ಮುಖಕ್ಕೆ ಸಮ. ನಾನು ಕೇಳಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಆ ಅಕ್ಕ ಕೂತಿದ್ದರು. ವಿಚಾರಣೆ ಮುಗಿದ ಮೇಲೆ ನಾನು ಬೇರೆ ಬಾಗಿಲಿಂದ ಹೊರಟೆ.

ಎಷ್ಟು ಕೊಡಬೇಕು ಎಂಬ ಲೆಕ್ಕಕ್ಕೆ ಇನ್ನೆರಡು ವಿಚಾರಣೆ ಹಿಡಿಯಿತು. ಕಂಟ್ರಾಕ್ಟರ್‌ನ ಹಾಜರಿ ಪುಸ್ತಕ ನಂಬುವ ಹಾಗಿರಲಿಲ್ಲ. ಒಂದೇ ಪೆನ್ನಿನಲ್ಲಿ, ಒಂದೇ ಸಲ ಕೂತು ಬರೆದದ್ದು. ನಮ್ಮ ಗೇಟಿನ ಬೆರಳಚ್ಚು ಯಂತ್ರದ ದಾಖಲೆಯೇ ಕೊನೆಗೆ ಆಧಾರವಾಯಿತು. ಅದರ ಪ್ರಕಾರ 24 ಜನರದು ಸೇರಿ ಜುಲೈಯಲ್ಲಿ 612 ದಿನ, ಆಗಸ್ಟ್‌ನಲ್ಲಿ 598 ದಿನ. ಒಪ್ಪಂದದ ದಿನಗೂಲಿ 520 ರೂಪಾಯಿ. ಎರಡು ತಿಂಗಳಿಗೆ ಒಟ್ಟು ಕೂಲಿ 6,29,200 ರೂಪಾಯಿ.

ಒಬ್ಬರ ಲೆಕ್ಕ ತೆಗೆದರೆ ಸುಲಭ. ತಿಂಗಳಿಗೆ 26 ದಿನ ಬಂದವರಿಗೆ 13,520 ರೂಪಾಯಿ. ಅದರಲ್ಲಿ ಶೇ. 12 ಪಿಎಫ್, ಅಂದರೆ 1,622 ರೂಪಾಯಿ, ಮತ್ತು ಶೇ. 0.75 ಇಎಸ್‌ಐ, 102 ರೂಪಾಯಿ ಕಳೆದರೆ ಕೈಗೆ 11,796. ಇದರ ಮೇಲೆ ಮಾಲೀಕರ ಪಾಲು ಪಿಎಫ್‌ಗೆ ವಿಮೆ ಮತ್ತು ಆಡಳಿತ ಶುಲ್ಕ ಸೇರಿ ಶೇ. 13, ಇಎಸ್‌ಐಗೆ ಶೇ. 3.25. ಎಲ್ಲ ಕೂಡಿದರೆ ಎರಡು ತಿಂಗಳಿಗೆ ನಾವು ಹೊರಬೇಕಾದದ್ದು ಸುಮಾರು 7.31 ಲಕ್ಷ. ನಮ್ಮ ಕೈಯಲ್ಲಿ ಉಳಿದಿದ್ದದ್ದು ಇನ್ನೂ ಕಟ್ಟದ ಆಗಸ್ಟ್ ಬಿಲ್ಲಿನ 3.90 ಲಕ್ಷ, ಜಿಎಸ್‌ಟಿ ಬಿಟ್ಟು, ಮತ್ತು ಕಂಟ್ರಾಕ್ಟರ್ ಇಟ್ಟಿದ್ದ ಒಂದೂವರೆ ಲಕ್ಷದ ಠೇವಣಿ. ಮಿಕ್ಕ 1.91 ಲಕ್ಷ ಕಂಪನಿಯ ಕಿಸೆಯಿಂದ. ಒಂದೇ ಕೆಲಸಕ್ಕೆ ಎರಡನೇ ಸಲ.

ಇಲ್ಲಿ ನಮ್ಮ ಎಂಡಿ ಒಂದು ದಿನ ತಡೆದರು. ಅವರ ಭಯ ದುಡ್ಡಿನದಲ್ಲ. ನಾವೇ ನೇರವಾಗಿ ಸಂಬಳ ಕೊಟ್ಟರೆ ನಾಳೆ ಈ 24 ಜನ ನಾವು ನಿಮ್ಮದೇ ಕಾಯಂ ನೌಕರರು ಅಂದರೆ? ಭಯಕ್ಕೆ ಬುಡವೇ ಇಲ್ಲ ಅಂತಲ್ಲ. ಗುತ್ತಿಗೆ ನಿಜವೋ ಬರೀ ತೋರಿಕೆಯೋ ಅಂತ ನ್ಯಾಯಾಲಯ ನೋಡುವಾಗ, ಸಂಬಳ ಕೊಡುವವರು ಯಾರು, ಕೆಲಸ ಹೇಳಿ ಮೇಲ್ವಿಚಾರಣೆ ಮಾಡುವವರು ಯಾರು ಎಂಬುದೂ ಪರೀಕ್ಷೆಯೊಳಗೆ ಬರುತ್ತದೆ. ಸರ್ಕಾರ ಗುತ್ತಿಗೆ ಕಾರ್ಮಿಕ ಪದ್ಧತಿಯನ್ನು ನಿಷೇಧಿಸಿದ ಮಾತ್ರಕ್ಕೆ ಕಾರ್ಮಿಕರು ತಂತಾನೇ ಮೂಲ ಮಾಲೀಕರ ನೌಕರರಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2001ರಲ್ಲಿ ಸ್ಟೀಲ್ ಅಥಾರಿಟಿ ಪ್ರಕರಣದಲ್ಲಿ ಹೇಳಿದೆ. ಆದರೆ ಗುತ್ತಿಗೆಯೇ ಹುಸಿ ಅಂತ ಸಾಬೀತಾದರೆ ಕಥೆ ಬೇರೆ. ನಮ್ಮ ವಕೀಲರು ಸೂಚಿಸಿದ ದಾರಿ ಸರಳವಾಗಿತ್ತು. ಅಧಿಕಾರಿಯ ಸಮ್ಮುಖದಲ್ಲೇ ಪಾವತಿ ಮಾಡಿ, ಪ್ರತಿ ರಸೀದಿಯಲ್ಲೂ 'ಗುತ್ತಿಗೆದಾರರು ತಪ್ಪಿದ್ದರಿಂದ ಕಲಂ 21(4)ರಂತೆ' ಅಂತ ಬರೆಯಿರಿ ಅಂದರು. ಕಾಯ್ದೆ ಹೇರಿದ ಹೊಣೆಯಿಂದ ಕೊಟ್ಟದ್ದು, ನೌಕರ ಅಂತ ಕೊಟ್ಟದ್ದಲ್ಲ ಎಂಬುದು ಕಾಗದದ ಮೇಲಾದರೂ ಸ್ಪಷ್ಟವಾಗಲಿ ಅಂತ. ಹಾಗೇ ಮಾಡಿದೆವು. ಅಕ್ಟೋಬರ್ ಕೊನೆಗೆ ಎಲ್ಲರ ಖಾತೆಗೂ ಕೂಲಿ ಬಿತ್ತು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ರಸೀದಿಗೆ ಸಹಿ ಹಾಕಲು ಬಂದ ದಿನವೇ ಅಕ್ಕ ಮೊಬೈಲ್ ಮುಂದಿಟ್ಟು, "ಸಾರ್, ಪಿಎಫ್ ಎಷ್ಟಿದೆ ನೋಡಿ ಹೇಳಿ, ನನ್ನ ಮಗಳಿಗೆ ಗೊತ್ತಾಗ್ತಿಲ್ಲ" ಅಂದರು. ಅವರ ಪೇಸ್ಲಿಪ್ಪಿನಲ್ಲಿ ಪಿಎಫ್ ಖಾತೆಯ ಯುಎಎನ್ ಸಂಖ್ಯೆಯ ಜಾಗ ಖಾಲಿ ಇತ್ತು. ಕಡಿತದ ಕಾಲಮಿನಲ್ಲಿ ಮಾತ್ರ ಪ್ರತಿ ತಿಂಗಳೂ ಶೇ. 12 ಕಟ್ ಆಗಿತ್ತು.

ಒಂದು ವರ್ಷದ ಚಲನ್‌ಗಳು ನನ್ನ ಫೈಲಿನಲ್ಲೇ ಇದ್ದವು. ಬಿಲ್ ಜೊತೆ ಪಿಎಫ್ ಚಲನ್ ಇಲ್ಲದೆ ನಾನು ಪಾಸ್ ಮಾಡುತ್ತಿರಲಿಲ್ಲ, ಅದು ನನ್ನ ಹೆಮ್ಮೆ. ಚಲನ್ ನಕಲಿಯೂ ಆಗಿರಲಿಲ್ಲ. ತಪ್ಪು ಬೇರೆ ಕಡೆ ಇತ್ತು. ಕಂಟ್ರಾಕ್ಟರ್‌ಗೆ ಆರೇಳು ಕಾರ್ಖಾನೆಗಳಲ್ಲಿ ಕೆಲಸ, ಆದರೆ ಪಿಎಫ್ ಕೋಡ್ ಒಂದೇ. ಎಲ್ಲರಿಗೂ ಸೇರಿಸಿ ತಿಂಗಳಿಗೊಂದೇ ಇಸಿಆರ್, ಅಂದರೆ ಯಾರಿಗೆ ಎಷ್ಟು ಪಿಎಫ್ ಎಂಬ ವಿವರಪಟ್ಟಿ, ಮತ್ತು ಒಂದೇ ಚಲನ್. ಅದರಲ್ಲಿ 112 ಜನರ ಮೊತ್ತ ಇರುತ್ತಿತ್ತು. ದೊಡ್ಡ ಮೊತ್ತ ಕಂಡು ನಾನು ಟಿಕ್ ಹಾಕುತ್ತಿದ್ದೆ. ನಮ್ಮ 24 ಜನರ ಹೆಸರು ಆ 112ರಲ್ಲಿ ಇದೆಯೇ ಅಂತ ಒಮ್ಮೆಯೂ ನೋಡಿರಲಿಲ್ಲ. ಅದೇ ಚಲನ್ ಆ ಆರೇಳೂ ಕಾರ್ಖಾನೆಗಳಿಗೆ ಬಿಲ್ ಜೊತೆ ಹೋಗುತ್ತಿತ್ತು, ಪ್ರತಿಯೊಬ್ಬರೂ ನನ್ನಂತೆಯೇ ಟಿಕ್ ಹಾಕುತ್ತಿದ್ದರು.

ನೋಡುವುದೇನೂ ಕಷ್ಟವಲ್ಲ. ಪಿಎಫ್ ಸಂಸ್ಥೆಯ ಜಾಲತಾಣದಲ್ಲಿ ಸಂಸ್ಥೆಯ ಕೋಡ್ ಹಾಕಿ ಹುಡುಕಿದರೆ ಯಾವ ತಿಂಗಳಿಗೆ ಎಷ್ಟು ಕಟ್ಟಿದ್ದಾರೆ, ಎಷ್ಟು ಜನರಿಗೆ, ಯಾರ ಹೆಸರಿಗೆ ಎಂಬುದು ತೆರೆದುಕೊಳ್ಳುತ್ತದೆ. ಅವತ್ತು ಸಂಜೆ ಕೂತು ಹೆಸರು ಹೆಸರಾಗಿ ತಾಳೆ ನೋಡಿದೆ. ನಮ್ಮ 24ರಲ್ಲಿ ಒಂಬತ್ತೇ ಹೆಸರು ಸಿಕ್ಕವು. ಹದಿನೈದು ಜನರಿಗೆ 2021ರ ಜುಲೈಯಿಂದ 2022ರ ಜೂನ್‌ವರೆಗೆ ಒಂದು ಪೈಸೆಯೂ ಹೋಗಿರಲಿಲ್ಲ. ಆ ಒಂಬತ್ತರಲ್ಲೂ ನಾಲ್ಕು ಜನರ ಖಾತೆಗೆ ಜೋಡಿಸಿದ್ದದ್ದು ಕಂಟ್ರಾಕ್ಟರ್‌ನ ಸೂಪರ್‌ವೈಸರ್‌ನ ಮೊಬೈಲ್ ಸಂಖ್ಯೆ. ಮೆಸೇಜ್ ಎಲ್ಲ ಅವನಿಗೇ ಹೋಗುತ್ತಿತ್ತು.

ಪಿಎಫ್ ಕಚೇರಿಯ ಅನುಭವ ಕಾರ್ಮಿಕ ಇಲಾಖೆಯದಕ್ಕಿಂತ ಬೇರೆ ಥರ. ಅಲ್ಲಿ ನಡೆದದ್ದು ಪಿಎಫ್ ಕಾಯ್ದೆಯ 7ಎ ಕಲಮಿನ ವಿಚಾರಣೆ. ಯಾರು ಎಷ್ಟು ಬಾಕಿ ಅಂತ ತೀರ್ಮಾನಿಸುವ, ಸಾಕ್ಷಿ ದಾಖಲೆ ಕೇಳುವ ಅರೆ ನ್ಯಾಯಾಲಯದಂಥ ಪ್ರಕ್ರಿಯೆ. ಸಂಬಳದಲ್ಲಿ ಕಾನೂನು ನಮ್ಮನ್ನು ಎರಡನೇ ಸಾಲಿನಲ್ಲಿ ನಿಲ್ಲಿಸಿತ್ತು: ಮೊದಲು ಕಂಟ್ರಾಕ್ಟರ್, ಅವನು ತಪ್ಪಿದರೆ ನೀವು. ಪಿಎಫ್‌ನಲ್ಲಿ ಮೊದಲ ಸಾಲಿಗೇ ನಮ್ಮ ಹೆಸರು. 1952ರ ಪಿಎಫ್ ಯೋಜನೆಯ 30ನೇ ಪ್ಯಾರಾ, ಕಂಟ್ರಾಕ್ಟರ್ ಮೂಲಕ ದುಡಿಸಿಕೊಂಡವರ ಎರಡೂ ಪಾಲಿನ ವಂತಿಗೆ ಕಟ್ಟುವ ಹೊಣೆ ಮೂಲ ಮಾಲೀಕರದು ಅನ್ನುತ್ತಿತ್ತು. ಕಟ್ಟಿದ್ದನ್ನು ಕಂಟ್ರಾಕ್ಟರ್‌ನಿಂದ ವಸೂಲಿ ಮಾಡಲು ಕಾಯ್ದೆಯ 8ಎ ಕಲಮು ದಾರಿ ಬಿಟ್ಟಿತ್ತು. ಇಎಸ್‌ಐಯಲ್ಲೂ ಹೀಗೆಯೇ. 1948ರ ಕಾಯ್ದೆಯ 40ನೇ ಕಲಮು ಮೊದಲು ಕಟ್ಟಬೇಕಾದವರು ಮೂಲ ಮಾಲೀಕರು ಅಂತಲೇ ಶುರುವಾಗುತ್ತಿತ್ತು, 41ನೆಯದು ಅವರಿಗೆ ವಸೂಲಿಯ ಹಕ್ಕು ಕೊಡುತ್ತಿತ್ತು.

ನಮ್ಮ ವಕೀಲರು ಒಂದು ವಾದ ಹೂಡಿದರು. ಕಂಟ್ರಾಕ್ಟರ್‌ಗೆ ಸ್ವಂತ ಪಿಎಫ್ ಕೋಡ್ ಇದೆ, ಅವನೇ ಸ್ವತಂತ್ರ ಮಾಲೀಕ, ಮೊದಲು ಅವನನ್ನು ಹಿಡಿಯಿರಿ ಅಂತ. ವಾದ ಪೊಳ್ಳಲ್ಲ, ಸ್ವಂತ ಕೋಡ್ ಇರುವ ಕಂಟ್ರಾಕ್ಟರ್ ವಿಷಯದಲ್ಲಿ ಮದ್ರಾಸ್ ಹೈಕೋರ್ಟ್ ಮೂಲ ಮಾಲೀಕರ ಪರವಾಗಿ ಹೇಳಿದ ತೀರ್ಪಿದೆ. ಆದರೆ ನಮ್ಮ ಕಂಟ್ರಾಕ್ಟರ್ ಅಷ್ಟರಲ್ಲಿ ಕಚೇರಿ ಖಾಲಿ ಮಾಡಿದ್ದ, ಅವನ ಬ್ಯಾಂಕ್ ಖಾತೆಯಲ್ಲಿ ಹಿಡಿಯಲು ಏನೂ ಇರಲಿಲ್ಲ. ವಾದ ಹಿಡಿದು ಮೇಲ್ಮನವಿಗೆ ಹೋಗಬಹುದಿತ್ತು. ವರ್ಷಗಳು ಹಿಡಿಯುತ್ತವೆ, ಸೋತರೆ ಬಡ್ಡಿ ಶೇ. 12ರಂತೆ ಬೆಳೆಯುತ್ತದೆ, ಮೇಲೆ ದಂಡ ಬೇರೆ. ಎಂಡಿ ಹತ್ತು ನಿಮಿಷದಲ್ಲಿ ತೀರ್ಮಾನಿಸಿದರು: ಕಟ್ಟಿಬಿಡೋಣ.

ಹದಿನೈದು ಜನ, ಹನ್ನೆರಡು ತಿಂಗಳು, ಸರಾಸರಿ ತಿಂಗಳಿಗೆ ಒಬ್ಬರಿಗೆ 3,200 ರೂಪಾಯಿ. ಅಸಲು 5.76 ಲಕ್ಷ. ಈ ಮೊತ್ತದಲ್ಲಿ ಕಾರ್ಮಿಕರ ಪಾಲೂ ಇತ್ತು. ಅದನ್ನು ಅವರ ಮುಂದಿನ ಸಂಬಳದಲ್ಲಿ ಮುರಿದುಕೊಳ್ಳಬಹುದೇ ಅಂತ ನಾನು ಮೆಲ್ಲಗೆ ಕೇಳಿದ್ದೆ. ಆಗುವುದಿಲ್ಲ. ಆಯಾ ತಿಂಗಳ ಸಂಬಳದಿಂದ ಆಯಾ ತಿಂಗಳೇ ಕಡಿತ ಮಾಡಬೇಕು, ಕಳೆದ ತಿಂಗಳುಗಳದ್ದನ್ನು ಮಾಲೀಕರ ಇಷ್ಟಕ್ಕೆ ಆಮೇಲೆ ಹಿಡಿಯುವಂತಿಲ್ಲ. ನಮ್ಮ ವಿಷಯದಲ್ಲಂತೂ ಕಂಟ್ರಾಕ್ಟರ್ ಅದನ್ನು ಆಗಲೇ ಮುರಿದು ತಿಂದಿದ್ದ. ಅದಕ್ಕೆ ಸಾಕ್ಷಿ ಆ ಪೇಸ್ಲಿಪ್ಪುಗಳೇ. ಹಳೆಯ ಪೇಸ್ಲಿಪ್ ಜೋಪಾನ ಮಾಡಿದ್ದ ಆರು ಜನರಿಂದಾಗಿ ಹದಿನೈದೂ ಜನರ ಲೆಕ್ಕ ಬೇಗ ಮುಗಿಯಿತು.

ಬೋನಸ್ ಒಂದು ಉಳಿಯಿತು. ಅದನ್ನು ಕೇಳಿದಾಗ ಅಧಿಕಾರಿಯೂ ತಡವರಿಸಿದರು. 21(4)ರ 'ವೇತನ' ಎಂಬ ಮಾತಿಗೆ ಅರ್ಥ ಹೇಳುತ್ತಿದ್ದದ್ದು 1936ರ ವೇತನ ಪಾವತಿ ಕಾಯ್ದೆ. ಅದು ಕೆಲಸದ ಷರತ್ತಿನ ಭಾಗವಲ್ಲದ ಬೋನಸ್ಸನ್ನು ಹೊರಗಿಟ್ಟಿತ್ತು. ಹಾಗಾಗಿ ಸಂಬಳಕ್ಕೆ ಸಿಕ್ಕ ಹಿಡಿತ ಬೋನಸ್ಸಿಗೆ ಸಿಗಲಿಲ್ಲ. ಬಿಲ್ಲಿನಲ್ಲಿ ನಾವು ತಿಂಗಳು ತಿಂಗಳೂ ಬೋನಸ್ ಅಂತ ಶೇ. 8.33 ಕೊಟ್ಟಿದ್ದರೆ ಕನಿಷ್ಠ ನೈತಿಕವಾಗಿಯಾದರೂ ಕೇಳುವವರು ಕೇಳಬಹುದಿತ್ತು, ನಮ್ಮ ದರದಲ್ಲಿ ಅದು ಇರಲೇ ಇಲ್ಲ. ಆ ವರ್ಷದ ಬೋನಸ್ ಅವರಿಗೆ ಸಿಗಲಿಲ್ಲ. ಇದು ನನಗೆ ಈಗಲೂ ಸರಿ ಅನ್ನಿಸುವುದಿಲ್ಲ.

ಕಾಯ್ದೆ ಆಮೇಲೆ ಬದಲಾಗಿದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಗುತ್ತಿಗೆ ಕಾರ್ಮಿಕರ ಅಧ್ಯಾಯ ಈಗ 20ರ ಬದಲು 50 ಜನರಿಂದ ಅನ್ವಯ. ನಮ್ಮಂಥ 24 ಜನರ ಕಡೆ ಆ ಅಧ್ಯಾಯ ಬರುವುದೇ ಇಲ್ಲ ಅಂತ ನಮ್ಮ ಪರಿಚಯದ ಒಬ್ಬ ಮ್ಯಾನೇಜರ್ ಖುಷಿಪಟ್ಟರು. ವೇತನ ಸಂಹಿತೆಯ 43ನೇ ಕಲಮನ್ನು ಅವರಿಗೆ ಕಳಿಸಿದೆ. ಕೊಡಬೇಕಾದವನು ಕೊಡದಿದ್ದರೆ ಸಂಸ್ಥೆಯ ಒಡೆಯರೇ ಹೊಣೆ ಅಂತ ಅಲ್ಲೊಂದು ಸಾಲಿದೆ, ಅದಕ್ಕೆ ತಲೆ ಎಣಿಕೆ ಇಲ್ಲ. ಅವರಿಂದ ಮರು ಉತ್ತರ ಬರಲಿಲ್ಲ.

ಹಳೇ ಕಂಟ್ರಾಕ್ಟರ್ ಮೇಲೆ ವಸೂಲಿ ದಾವೆ ಹೂಡಿದ್ದೇವೆ, ನಡೆಯುತ್ತಿದೆ. ಹೊಸ ಕಂಟ್ರಾಕ್ಟರ್‌ಗೆ ಬಿಲ್ ಪಾಸ್ ಆಗಬೇಕಾದರೆ ನಮ್ಮ ಜನರದಷ್ಟೇ ಪ್ರತ್ಯೇಕ ಇಸಿಆರ್ ಪಟ್ಟಿ ಮತ್ತು ಬ್ಯಾಂಕಿನ ಪಾವತಿ ಪಟ್ಟಿ ಬೇಕು, ಎರಡನ್ನೂ ಗೇಟಿನ ಹಾಜರಿಯ ಜೊತೆ ಹೆಸರಿಗೆ ಹೆಸರು ಇಟ್ಟು ನೋಡುತ್ತೇನೆ. ಎಲ್ಲರ ಖಾತೆಗೂ ಅವರವರದೇ ಮೊಬೈಲ್ ಜೋಡಿಸಿದ್ದಾಗಿದೆ. ಅದಕ್ಕೆ ಹಿಡಿದದ್ದು ಎರಡು ಶನಿವಾರ.

ಪಿಎಫ್ ಕಟ್ಟಲು ಕೊನೆಯ ದಿನ ಮುಂದಿನ ತಿಂಗಳ 15. ಹೋದ ತಿಂಗಳು 18ಕ್ಕೆ ಅಕ್ಕ ಕಸಬರಿಕೆ ಗೋಡೆಗೆ ಒರಗಿಸಿ ನನ್ನ ಮೇಜಿನ ಹತ್ತಿರ ಬಂದು ಮೊಬೈಲ್ ಹಿಡಿದರು. "ಸಾರ್, ಈ ತಿಂಗಳದ್ದು ಇನ್ನೂ ಮೆಸೇಜ್ ಬಂದಿಲ್ಲ." ಬಿಲ್ ನನ್ನ ಮೇಜಿನ ಮೇಲೇ ಇತ್ತು. ಸಹಿ ಹಾಕದೆ ಕಂಟ್ರಾಕ್ಟರ್‌ಗೆ ಫೋನ್ ಮಾಡಿದೆ.